ಡೇಟಾ ಸಫಿಶಿಯೆನ್ಸಿ: ಒಂದೇ ಹೇಳಿಕೆ ಸಾಕಿದ್ದಾಗಲೂ ‘ಎರಡೂ ಸೇರಿ’ ಎಂದು ಗುರುತಿಸುವ ತಪ್ಪಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಡೇಟಾ ಸಫಿಶಿಯೆನ್ಸಿಯಲ್ಲಿ ಒಂದು ಪ್ರಶ್ನೆಯ ಕೆಳಗೆ ಎರಡು ಹೇಳಿಕೆ ಕೊಟ್ಟಿರುತ್ತಾರೆ. ಪ್ರಶ್ನೆಗೆ ಖಚಿತ ಉತ್ತರ ಸಿಗಲು ಯಾವ ಹೇಳಿಕೆ ಸಾಕು ಎಂದು ಕೊಟ್ಟ ಆಯ್ಕೆಗಳಲ್ಲಿ ಗುರುತಿಸಬೇಕು. ಬ್ಯಾಂಕ್ ಪಿಒ, ಸಿಸ್ಯಾಟ್, ಜಿಮ್ಯಾಟ್ ಹೀಗೆ ಬೇರೆ ಬೇರೆ ಪರೀಕ್ಷೆಗೆ ಓದುವವರೆಲ್ಲ ಡೇಟಾ ಸಫಿಶಿಯೆನ್ಸಿಯಲ್ಲಿ ಎಡವುವುದು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ಲೆಕ್ಕ ಬರದೆ ತಪ್ಪುವವರಿಗಿಂತ, ಲೆಕ್ಕ ಚೆನ್ನಾಗಿ ಬಂದೂ ‘ಎರಡೂ ಹೇಳಿಕೆ ಸೇರಿದರೆ ಸಾಕು’ ಎಂದು ಗುರುತಿಸಿ ಅಂಕ ಕಳೆದುಕೊಳ್ಳುವವರನ್ನು ಕಂಡಾಗ ನನಗೆ ಹೆಚ್ಚು ಸಂಕಟವಾಗುತ್ತದೆ. ಹಾಗಾಗಿ ಈ ಪುಟದಲ್ಲಿ ಆ ಒಂದು ತಪ್ಪನ್ನು ಮಾತ್ರ ಹಿಡಿದುಕೊಂಡಿದ್ದೇನೆ.

ಆಯ್ಕೆಗಳ ಅಕ್ಷರ, ಕ್ರಮ ಒಂದೊಂದು ಪರೀಕ್ಷೆಯಲ್ಲಿ ಒಂದೊಂದು ಥರ ಇರುತ್ತವೆ. ಗೊಂದಲ ಬೇಡವೆಂದು ಅವನ್ನು ಇಲ್ಲಿ ಹೆಸರಿನಿಂದಲೇ ಕರೆಯುತ್ತೇನೆ: ‘1 ಮಾತ್ರ’, ‘2 ಮಾತ್ರ’, ‘ಯಾವುದಾದರೂ ಒಂದು’, ‘ಎರಡೂ ಸೇರಿ’, ‘ಎರಡೂ ಸೇರಿದರೂ ಸಾಲದು’.

ಎರಡೂ ಹೇಳಿಕೆ ಸೇರಿಸಿದರೆ ಉತ್ತರ ಬರುತ್ತಲ್ಲ, ಮತ್ತೆ ಅದು ತಪ್ಪು ಹೇಗಾಗುತ್ತದೆ?

ಆ ಆಯ್ಕೆಯನ್ನು ಪೂರ್ತಿ ಓದಿ. ‘ಎರಡೂ ಸೇರಿದರೆ ಸಾಕು’ ಎಂಬಲ್ಲಿಗೆ ಅದು ನಿಲ್ಲುವುದಿಲ್ಲ. ‘ಆದರೆ ಯಾವ ಹೇಳಿಕೆಯೂ ಒಂಟಿಯಾಗಿ ಸಾಲದು’ ಎಂಬ ಬಾಲವೂ ಇದೆ. ಅಭ್ಯಾಸವಾದ ಮೇಲೆ ಆಯ್ಕೆಗಳನ್ನು ಯಾರೂ ಓದುವುದಿಲ್ಲ, ನೆನಪಿನಿಂದಲೇ ಗುರುತಿಸುತ್ತಾರೆ. ಹಾಗಾಗಿ ಈ ಬಾಲವೇ ಮೊದಲು ಮರೆತುಹೋಗುತ್ತದೆ.

ಒಂದನೇ ಹೇಳಿಕೆಯೇ ಸಾಕು ಅಂದುಕೊಳ್ಳಿ. ಅದಕ್ಕೆ ಎರಡನೆಯದನ್ನು ಸೇರಿಸಿದರೂ ಉತ್ತರ ಬಂದೇ ಬರುತ್ತದೆ, ಹೆಚ್ಚಿನ ಮಾಹಿತಿ ಕೊಟ್ಟರೆ ಗೊತ್ತಿದ್ದದ್ದು ಅಳಿಸಿಹೋಗುವುದಿಲ್ಲವಲ್ಲ. ಆದ್ದರಿಂದ ‘ಸೇರಿಸಿದಾಗ ಉತ್ತರ ಬಂತು’ ಎನ್ನುವುದರಿಂದ ‘ಎರಡೂ ಸೇರಿದರೂ ಸಾಲದು’ ಎಂಬ ಕೊನೆಯ ಆಯ್ಕೆಯನ್ನು ಮಾತ್ರ ಹೊಡೆದುಹಾಕಬಹುದು. ಉಳಿದ ನಾಲ್ಕೂ ಹಾಗೇ ಇರುತ್ತವೆ. ‘ಎರಡೂ ಸೇರಿ’ ಎಂದು ಗುರುತಿಸುವವರು ನಿಜವಾಗಿ ಮೂರು ಮಾತು ಹೇಳುತ್ತಿದ್ದಾರೆ: ಒಂದನೆಯದು ಒಂಟಿಯಾಗಿ ಸಾಲದು, ಎರಡನೆಯದು ಒಂಟಿಯಾಗಿ ಸಾಲದು, ಸೇರಿದರೆ ಸಾಕು. ಹೆಚ್ಚಿನವರು ಪರೀಕ್ಷಿಸಿ ನೋಡುವುದು ಮೂರನೆಯ ಮಾತನ್ನಷ್ಟೇ.

‘ಸಾಲದು’ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ? ನನಗೆ ಉತ್ತರ ಬರಲಿಲ್ಲ ಎಂದರೆ ಸಾಲದೆ?

ಇಲ್ಲ. ನಿಮಗೆ ಉತ್ತರ ಹೊಳೆಯಲಿಲ್ಲ ಎನ್ನುವುದು ಬೇರೆ, ಆ ಹೇಳಿಕೆಯಿಂದ ಉತ್ತರ ಬರುವುದೇ ಇಲ್ಲ ಎನ್ನುವುದು ಬೇರೆ. ಈ ಎರಡನ್ನು ಒಂದೇ ಎಂದುಕೊಳ್ಳುವುದರಿಂದಲೇ ಈ ಪುಟದ ಬಹುತೇಕ ತಪ್ಪುಗಳು ಹುಟ್ಟುತ್ತವೆ.

ಸಾಲದು ಎಂದು ತೋರಿಸಲು ಗಟ್ಟಿಯಾದ ದಾರಿ ಒಂದಿದೆ. ಆ ಹೇಳಿಕೆಗೆ ಒಪ್ಪುವ, ಆದರೆ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಡುವ ಎರಡು ಉದಾಹರಣೆ ಬರೆದು ತೋರಿಸಬೇಕು. x ಎಷ್ಟು ಎಂದು ಕೇಳಿದ್ದಾರೆ, ಹೇಳಿಕೆ x² = 49 ಎನ್ನುತ್ತದೆ ಅಂದುಕೊಳ್ಳಿ. 7 ಕೂಡ ಒಪ್ಪುತ್ತದೆ, −7 ಕೂಡ ಒಪ್ಪುತ್ತದೆ. ಎರಡು ಉದಾಹರಣೆ ಸಿಕ್ಕವು, ಸಾಲದು ಎನ್ನುವುದು ಖಚಿತವಾಯಿತು. ಒಂದೇ ಉದಾಹರಣೆ ಸಿಕ್ಕಿ ಎರಡನೆಯದು ಎಷ್ಟು ಹುಡುಕಿದರೂ ಸಿಗುತ್ತಿಲ್ಲವೆಂದರೆ, ಆ ಹೇಳಿಕೆ ಒಂಟಿಯಾಗಿಯೇ ಸಾಕಾಗಿರಬಹುದೆಂದು ಅನುಮಾನ ಬರಬೇಕು.

‘ಎರಡೂ ಸೇರಿ’ ಎಂದು ಗುರುತಿಸುವ ಮೊದಲು ರಫ್ ಹಾಳೆಯಲ್ಲಿ ಒಂದನೇ ಹೇಳಿಕೆಗೆ ಎರಡು, ಎರಡನೇ ಹೇಳಿಕೆಗೆ ಎರಡು, ಹೀಗೆ ನಾಲ್ಕು ಉದಾಹರಣೆ ಇರಬೇಕು. ಸುಲಭದ ಪ್ರಶ್ನೆಯಲ್ಲಿ ಮನಸ್ಸಿನಲ್ಲೇ ಇದ್ದರೂ ಸರಿ, ಆದರೆ ಇರಲೇಬೇಕು.

ಎರಡು ಅಜ್ಞಾತ ಇದ್ದರೆ ಎರಡು ಸಮೀಕರಣ ಬೇಕೇ ಬೇಕು ಎಂದು ಶಾಲೆಯಲ್ಲೇ ಕಲಿತಿದ್ದೇವೆ. ಅದು ಸುಳ್ಳೇ?

ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಈ ಪ್ರಶ್ನೆ ನೋಡಿ.

ಒಬ್ಬ ಹುಡುಗಿ ಒಂದಕ್ಕೆ ₹17ರ ಪೆನ್ನುಗಳನ್ನೂ ಒಂದಕ್ಕೆ ₹31ರ ನೋಟ್‌ಬುಕ್‌ಗಳನ್ನೂ ಕೊಂಡಳು. ಕೊಂಡ ಪೆನ್ನುಗಳೆಷ್ಟು?
ಹೇಳಿಕೆ 1: ಒಟ್ಟು ಖರ್ಚು ₹226.
ಹೇಳಿಕೆ 2: ಪೆನ್ನು, ನೋಟ್‌ಬುಕ್ ಎರಡೂ ಸೇರಿ ಒಟ್ಟು 10.

ಪೆನ್ನುಗಳ ಸಂಖ್ಯೆ p, ನೋಟ್‌ಬುಕ್‌ಗಳ ಸಂಖ್ಯೆ n ಆಗಿರಲಿ. ಒಂದನೇ ಹೇಳಿಕೆ 17p + 31n = 226 ಎನ್ನುತ್ತದೆ. ಎರಡನೆಯದು p + n = 10 ಎನ್ನುತ್ತದೆ. ಎರಡು ಅಜ್ಞಾತ, ಎರಡು ಸಮೀಕರಣ. ಕೈ ತಾನಾಗಿ ‘ಎರಡೂ ಸೇರಿ’ ಕಡೆಗೆ ಹೋಗುತ್ತದೆ. ಬಿಡಿಸಿದರೆ p = 6, n = 4 ಎಂದು ಬರುತ್ತದೆ, ಉತ್ತರ ಸಿಕ್ಕಿದ್ದರಿಂದ ಅನುಮಾನವೂ ಬರುವುದಿಲ್ಲ.

ಈಗ ಒಂದನೇ ಹೇಳಿಕೆಯನ್ನು ಮಾತ್ರ ಇಟ್ಟುಕೊಳ್ಳಿ. ಅರ್ಧ ಪೆನ್ನು, ಮುಕ್ಕಾಲು ನೋಟ್‌ಬುಕ್ ಯಾರೂ ಮಾರುವುದಿಲ್ಲ. n ಪೂರ್ಣಾಂಕವೇ ಆಗಬೇಕು, 31 × 8 = 248 ಆಗುವುದರಿಂದ 7ಕ್ಕಿಂತ ಹೆಚ್ಚಾಗುವಂತಿಲ್ಲ. n ಅನ್ನು 0ಯಿಂದ 7ರವರೆಗೆ ಒಂದೊಂದಾಗಿ ಇಟ್ಟರೆ ಪೆನ್ನಿಗೆ ಉಳಿಯುವ ಹಣ ಕ್ರಮವಾಗಿ 226, 195, 164, 133, 102, 71, 40, 9. ಇವುಗಳಲ್ಲಿ 17ರಿಂದ ಶೇಷವಿಲ್ಲದೆ ಭಾಗವಾಗುವುದು 102 ಒಂದೇ. ಅಂದರೆ ನೋಟ್‌ಬುಕ್ 4, ಪೆನ್ನು 6, ಬೇರೆ ದಾರಿಯೇ ಇಲ್ಲ. ಒಂದನೇ ಹೇಳಿಕೆ ಒಂಟಿಯಾಗಿ ಸಾಕು. ಎರಡನೆಯದಕ್ಕೆ 1 ಪೆನ್ನು 9 ನೋಟ್‌ಬುಕ್ ಆಗಬಹುದು, 2 ಮತ್ತು 8 ಆಗಬಹುದು. ಅದು ಸಾಲದು. ಉತ್ತರ ‘1 ಮಾತ್ರ’.

ಪ್ರಶ್ನೆಯಲ್ಲಿ ಎಲ್ಲೂ ಬರೆಯದ ‘ಪೂರ್ಣಾಂಕ’ ಎಂಬ ಷರತ್ತು ಇಲ್ಲಿ ಎರಡನೇ ಸಮೀಕರಣದ ಕೆಲಸ ಮಾಡಿದೆ.

ಪ್ರತಿ ಸಲ ಹೀಗೆ ಎಂಟು ಸಾಲು ಬರೆಯಲು ಸಮಯವೆಲ್ಲಿದೆ? ಒಂದೇ ನೋಟಕ್ಕೆ ಗೊತ್ತಾಗುವ ದಾರಿ ಇದೆಯೇ?

ಇದೆ, ಅದರ ಕಾರಣವೂ ಗೊತ್ತಿದ್ದರೆ ಒಳ್ಳೆಯದು. ಖರ್ಚು ₹226 ಹಾಗೇ ಇರಬೇಕು, ಆದರೆ ಪೆನ್ನು-ನೋಟ್‌ಬುಕ್‌ಗಳ ಲೆಕ್ಕ ಬದಲಾಗಬೇಕು ಅಂದುಕೊಳ್ಳಿ. ಒಂದಷ್ಟು ನೋಟ್‌ಬುಕ್ ವಾಪಸ್ ಕೊಟ್ಟು ಆ ಹಣಕ್ಕೆ ಸರಿಯಾಗಿ ಪೆನ್ನು ತೆಗೆದುಕೊಳ್ಳಬೇಕು. 17 ಮತ್ತು 31ಕ್ಕೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನವಿಲ್ಲ. ಹಾಗಾಗಿ ಹಣ ಚಿಲ್ಲರೆ ಉಳಿಯದಂತೆ ಸರಿಹೊಂದಬೇಕೆಂದರೆ ಕಡಿಮೆಯೆಂದರೂ 17 ನೋಟ್‌ಬುಕ್ ಕೊಟ್ಟು 31 ಪೆನ್ನು ತರಬೇಕು. ಅಷ್ಟರ ಬೆಲೆಯೇ ₹527. ಒಟ್ಟು ಖರ್ಚೇ ₹226 ಆಗಿರುವಾಗ ಈ ಅದಲುಬದಲು ಸಾಧ್ಯವಿಲ್ಲ, ಆದ್ದರಿಂದ ಎರಡನೇ ಉತ್ತರವೂ ಇಲ್ಲ.

ಇದರಿಂದ ಸಿಗುವ ಸೂತ್ರ ಹೀಗಿದೆ. ಎರಡು ಬೆಲೆಗಳಿಗೆ ಸಾಮಾನ್ಯ ಅಪವರ್ತನವಿಲ್ಲದಿದ್ದು, ಒಟ್ಟು ಮೊತ್ತ ಆ ಎರಡು ಬೆಲೆಗಳ ಗುಣಲಬ್ಧಕ್ಕಿಂತ ಕಡಿಮೆಯಿದ್ದರೆ ಒಂದಕ್ಕಿಂತ ಹೆಚ್ಚು ಉತ್ತರ ಇರುವುದಿಲ್ಲ. ಸಾಮಾನ್ಯ ಅಪವರ್ತನವಿದ್ದರೆ ಮೊದಲು ಮೂರೂ ಸಂಖ್ಯೆಗಳನ್ನು ಅದರಿಂದ ಭಾಗಿಸಿಕೊಂಡು ಆಮೇಲೆ ನೋಡಿ. ಮೊತ್ತ ಗುಣಲಬ್ಧಕ್ಕಿಂತ ಹೆಚ್ಚಿದ್ದರೆ ಸೂತ್ರ ಏನನ್ನೂ ಹೇಳುವುದಿಲ್ಲ, ಆಗ ಕೂತು ಎಣಿಸಬೇಕು.

ಅಂದರೆ ಪೆನ್ನು-ನೋಟ್‌ಬುಕ್ ಥರದ ಪ್ರಶ್ನೆ ಬಂದರೆ ಯಾವಾಗಲೂ ಒಂದೇ ಹೇಳಿಕೆ ಸಾಕೇ?

ಖಂಡಿತ ಇಲ್ಲ. ಬಲೆ ಇದೆ ಎಂದು ಒಮ್ಮೆ ಕಲಿತವರು ಆಮೇಲೆ ಎಲ್ಲೆಲ್ಲೂ ಬಲೆಯನ್ನೇ ಕಂಡು ‘1 ಮಾತ್ರ’ ಎಂದು ಗುರುತಿಸಲು ಶುರುಮಾಡುತ್ತಾರೆ.

ಅದೇ ಪ್ರಶ್ನೆಯಲ್ಲಿ ಪೆನ್ನು ₹10, ನೋಟ್‌ಬುಕ್ ₹20, ಒಟ್ಟು ಖರ್ಚು ₹100, ಒಟ್ಟು ವಸ್ತು 7 ಎಂದು ಬದಲಿಸಿ. ಈಗ ಒಂದು ನೋಟ್‌ಬುಕ್ ಕೊಟ್ಟರೆ ಸರಿಯಾಗಿ ಎರಡು ಪೆನ್ನು ಬರುತ್ತವೆ. 2 ಪೆನ್ನು 4 ನೋಟ್‌ಬುಕ್‌ಗೂ ನೂರು, 4 ಪೆನ್ನು 3 ನೋಟ್‌ಬುಕ್‌ಗೂ ನೂರು. ಒಂದನೇ ಹೇಳಿಕೆ ಸಾಲದು. ಒಟ್ಟು 7 ಎಂಬ ಎರಡನೆಯದೂ ಒಂಟಿಯಾಗಿ ಸಾಲದು. ಸೇರಿಸಿದರೆ 4 ಪೆನ್ನು, 3 ನೋಟ್‌ಬುಕ್. ಇಲ್ಲಿ ‘ಎರಡೂ ಸೇರಿ’ ಎನ್ನುವುದೇ ಸರಿಯುತ್ತರ.

ಇನ್ನೊಂದು ಬದಲಾವಣೆ ಮಾಡಿ. ಬೆಲೆ ₹17, ₹31 ಹಾಗೇ ಇರಲಿ, ಆದರೆ ಕೊಂಡದ್ದು ಪೆನ್ನು, ನೋಟ್‌ಬುಕ್ ಅಲ್ಲ, ಕಿಲೋ ಲೆಕ್ಕದಲ್ಲಿ ಈರುಳ್ಳಿ ಮತ್ತು ಟೊಮೆಟೊ. ಒಟ್ಟು ₹226, ಒಟ್ಟು ತೂಕ 10 ಕಿಲೋ. ಅಂಕಿಗಳೆಲ್ಲ ಅವೇ, ಆದರೆ ತೂಕ ಪೂರ್ಣಾಂಕವೇ ಆಗಬೇಕೆಂದಿಲ್ಲ. ₹226ಕ್ಕೆ ಒಪ್ಪುವ ತೂಕಗಳ ಜೋಡಿಗಳಿಗೆ ಲೆಕ್ಕವೇ ಇಲ್ಲ, ಆದ್ದರಿಂದ ಉತ್ತರ ‘ಎರಡೂ ಸೇರಿ’. ಅಂಕಿ ನೋಡುವ ಮೊದಲು ಎಣಿಸುವ ವಸ್ತುವೋ ಅಳೆಯುವ ವಸ್ತುವೋ ಎಂದು ನೋಡಬೇಕು. ಜನ, ಬಸ್ಸು, ಟಿಕೆಟ್, ನಾಣ್ಯ ಎಣಿಸುವಂಥವು. ತೂಕ, ಉದ್ದ, ಕಾಲ, ಹಾಲು, ಎಣ್ಣೆ ಅಳೆಯುವಂಥವು.

ಪೂರ್ಣಾಂಕದ ಮಾತೇ ಇಲ್ಲದ ಪ್ರಶ್ನೆಯಲ್ಲೂ ನನ್ನ ಉತ್ತರ ‘ಎರಡೂ ಸೇರಿ’ ಎಂದೇ ತಪ್ಪಾಗುತ್ತದೆ. ಅಲ್ಲೇನಾಗಿರುತ್ತದೆ?

ಹೆಚ್ಚಿನ ಸಲ, ಅವರು ಕೇಳಿದ್ದಕ್ಕಿಂತ ಹೆಚ್ಚನ್ನು ನೀವು ಹುಡುಕುತ್ತಿರುತ್ತೀರಿ.

ಒಂದು ಬಸ್ಸು ಒಂದು ಊರಿನಿಂದ ಇನ್ನೊಂದು ಊರಿಗೆ ಹೋಯಿತು. ಇಡೀ ಪ್ರಯಾಣದ ಸರಾಸರಿ ವೇಗ ಎಷ್ಟು?
ಹೇಳಿಕೆ 1: ದೂರದ ಮೊದಲರ್ಧವನ್ನು ಗಂಟೆಗೆ 40 ಕಿ.ಮೀ., ಉಳಿದರ್ಧವನ್ನು ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಯಿತು.
ಹೇಳಿಕೆ 2: ಒಟ್ಟು ದೂರ 144 ಕಿ.ಮೀ.

ಸರಾಸರಿ ವೇಗ ಎಂದ ತಕ್ಷಣ ‘ಒಟ್ಟು ದೂರ ಭಾಗಿಸು ಒಟ್ಟು ಕಾಲ’ ನೆನಪಾಗುತ್ತದೆ. ದೂರ ಎರಡನೇ ಹೇಳಿಕೆಯಲ್ಲಿ ಸಿದ್ಧವಾಗಿ ಕಾಣುತ್ತದೆ. 72 ಕಿ.ಮೀ.ಗೆ 1.8 ಗಂಟೆ, ಇನ್ನು 72 ಕಿ.ಮೀ.ಗೆ 1.2 ಗಂಟೆ, ಒಟ್ಟು 3 ಗಂಟೆ, ಸರಾಸರಿ 48. ಅಚ್ಚುಕಟ್ಟಾದ ಉತ್ತರ.

ಆದರೆ ದೂರ 240 ಎಂದಿಟ್ಟು ನೋಡಿ. 120ಕ್ಕೆ 3 ಗಂಟೆ, 120ಕ್ಕೆ 2 ಗಂಟೆ, 240 ಭಾಗಿಸು 5, ಮತ್ತೆ 48. ದೂರವನ್ನು d ಎಂದಿಟ್ಟರೆ ಕಾಲ d/80 + d/120 ಆಗುತ್ತದೆ, ಭಾಗಿಸುವಾಗ d ಹೊಡೆದುಹೋಗುತ್ತದೆ. ದೂರ ಎಷ್ಟಿದ್ದರೂ ಉತ್ತರ 48 ಆದ್ದರಿಂದ ಒಂದನೇ ಹೇಳಿಕೆಯೇ ಸಾಕು. ಪ್ರಶ್ನೆ ಮಾಡುವವರು 144 ಎಂಬ ಸರಿಯಾಗಿ ಹೊಂದುವ ಅಂಕಿಯನ್ನು ಆರಿಸಿ ಇಟ್ಟಿದ್ದಾರೆ. ಆ ಅಂಕಿ ಲೆಕ್ಕಕ್ಕೆ ಚೆನ್ನಾಗಿ ಕೂತದ್ದರಿಂದ ಅದು ಬೇಕೇ ಬೇಕಿತ್ತು ಎಂದು ನಮಗೆ ಅನಿಸಿಬಿಡುತ್ತದೆ.

ಹೇಳಿಕೆಗಳನ್ನು ಮುಟ್ಟದೆ ಪ್ರಶ್ನೆಯನ್ನು ಮಾತ್ರ ‘ಪ್ರಯಾಣಕ್ಕೆ ಎಷ್ಟು ಹೊತ್ತು ಹಿಡಿಯಿತು?’ ಎಂದು ಬದಲಿಸಿ. ಈಗ ದೂರ ನಿಜಕ್ಕೂ ಬೇಕು, ‘ಎರಡೂ ಸೇರಿ’ ಸರಿಯಾಗುತ್ತದೆ.

ಸರಾಸರಿ, ಶೇಕಡಾ, ಅನುಪಾತ, ಎರಡು ಸಂಖ್ಯೆಗಳ ಮೊತ್ತ ಅಥವಾ ವ್ಯತ್ಯಾಸ ಕೇಳಿದಾಗಲೆಲ್ಲ ಈ ಎಚ್ಚರ ಬೇಕು. ಲಾಭ ಶೇಕಡಾ ಎಷ್ಟು ಎಂದು ಕೇಳಿ, ಮಾರಿದ ಬೆಲೆ ಕೊಂಡ ಬೆಲೆಯ 5/4 ಪಾಲು ಎಂದು ಹೇಳಿದ್ದರೆ ಉತ್ತರ ಆಗಲೇ ಬಂದಿದೆ, ಶೇಕಡಾ 25. ಕೊಂಡ ಬೆಲೆ ₹480 ಎಂಬ ಎರಡನೇ ಹೇಳಿಕೆ ಬೇಡ. x + y ಕೇಳಿದ್ದರೆ x ಎಷ್ಟು, y ಎಷ್ಟು ಎಂದು ಬೇರೆ ಬೇರೆ ಬಿಡಿಸಲು ಹೋಗಬೇಡಿ.

ಹೌದು-ಅಲ್ಲ ಪ್ರಶ್ನೆಗಳಲ್ಲಿ ಈ ತಪ್ಪು ಹೇಗೆ ಆಗುತ್ತದೆ?

‘ಅಲ್ಲ’ ಎಂಬ ಉತ್ತರ ಬಂದರೆ ಹೇಳಿಕೆ ಸೋತಿತು ಎಂದು ಭಾವಿಸುವುದರಿಂದ.

n ಒಂದು ಧನ ಪೂರ್ಣಾಂಕ. ಅದು 6ರಿಂದ ಶೇಷವಿಲ್ಲದೆ ಭಾಗವಾಗುತ್ತದೆಯೇ?
ಹೇಳಿಕೆ 1: n ಅನ್ನು 4ರಿಂದ ಭಾಗಿಸಿದರೆ ಶೇಷ 1.
ಹೇಳಿಕೆ 2: n, 3ರಿಂದ ಶೇಷವಿಲ್ಲದೆ ಭಾಗವಾಗುತ್ತದೆ.

6ರಿಂದ ಭಾಗವಾಗಬೇಕೆಂದರೆ 2ರಿಂದಲೂ 3ರಿಂದಲೂ ಭಾಗವಾಗಬೇಕು ಎಂದು ಗೊತ್ತಿರುವವರು ಒಂದನೇ ಹೇಳಿಕೆಯಲ್ಲಿ 2ರ ವಿಷಯ, ಎರಡನೆಯದರಲ್ಲಿ 3ರ ವಿಷಯ ಕಂಡು ಎರಡನ್ನೂ ಜೋಡಿಸುತ್ತಾರೆ. ಆದರೆ 4ರಿಂದ ಭಾಗಿಸಿ 1 ಉಳಿಯುವ ಸಂಖ್ಯೆಗಳು 1, 5, 9, 13, 17, 21 ಹೀಗೆ ಎಲ್ಲವೂ ಬೆಸ. ಬೆಸ ಸಂಖ್ಯೆ 6ರಿಂದ ಭಾಗವಾಗುವುದಿಲ್ಲ. ಉತ್ತರ ಯಾವಾಗಲೂ ‘ಅಲ್ಲ’, ಮತ್ತು ಅದು ಖಚಿತ. ಖಚಿತವಾದ ‘ಅಲ್ಲ’ಗೂ ಖಚಿತವಾದ ‘ಹೌದು’ಗೂ ಇಲ್ಲಿ ಒಂದೇ ಬೆಲೆ. ಒಂದನೇ ಹೇಳಿಕೆ ಸಾಕು. ಎರಡನೆಯದಕ್ಕೆ 9 ‘ಅಲ್ಲ’ ಎನ್ನುತ್ತದೆ, 12 ‘ಹೌದು’ ಎನ್ನುತ್ತದೆ, ಅದು ಸಾಲದು.

ಇಂಥ ಪ್ರಶ್ನೆಯಲ್ಲಿ ರಫ್ ಹಾಳೆಯ ಮೇಲೆ ಟಿಕ್, ಇಂಟು ಹಾಕಬೇಡಿ. ಆ ಇಂಟು ‘ಉತ್ತರ ಅಲ್ಲ’ ಎಂದೋ ‘ಹೇಳಿಕೆ ಸಾಲದು’ ಎಂದೋ ಅರ್ಧ ನಿಮಿಷದ ಬಳಿಕ ನಿಮಗೇ ಗೊತ್ತಾಗುವುದಿಲ್ಲ. ‘ಸಾಕು’, ‘ಸಾಲದು’ ಎಂದೇ ಬರೆಯಿರಿ.

ಒಂದನೇ ಹೇಳಿಕೆ ಸಾಲದು ಎಂದು ಸರಿಯಾಗಿಯೇ ಕಂಡುಕೊಂಡೆ. ಆದರೂ ಕೊನೆಯ ಉತ್ತರ ತಪ್ಪಾಯಿತು. ಎಲ್ಲಿ ಜಾರಿರಬಹುದು?

ಎರಡನೇ ಹೇಳಿಕೆ ಓದುವಾಗ ಒಂದನೆಯದು ಇನ್ನೂ ತಲೆಯಲ್ಲಿತ್ತು.

x ಎಷ್ಟು?
ಹೇಳಿಕೆ 1: x² + 2x = 35
ಹೇಳಿಕೆ 2: x² − 10x + 25 = 0

ಒಂದನೆಯದನ್ನು ಬಿಡಿಸಿದರೆ x = 5 ಅಥವಾ x = −7. ಎರಡು ಉತ್ತರ ಬಂದವು, ಸಾಲದು. ಇಲ್ಲಿಯವರೆಗೆ ಸರಿ. ಎರಡನೆಯದೂ ವರ್ಗ ಸಮೀಕರಣ, ಅದಕ್ಕೂ ಎರಡು ಉತ್ತರ ಇರುತ್ತವೆ ಎಂಬ ಅಂದಾಜಿನ ಮೇಲೆ ಅದನ್ನು ಬಿಡಿಸುವ ಬದಲು ಕೈಯಲ್ಲಿರುವ 5 ಮತ್ತು −7 ಅನ್ನೇ ಹಾಕಿ ನೋಡುತ್ತೇವೆ. 5 ಹಾಕಿದರೆ ಸೊನ್ನೆ ಬರುತ್ತದೆ. −7 ಹಾಕಿದರೆ ಬರುವುದಿಲ್ಲ. ಎರಡಕ್ಕೂ ಸಾಮಾನ್ಯವಾದದ್ದು 5 ಒಂದೇ ಎಂದು ‘ಎರಡೂ ಸೇರಿ’ ಗುರುತಿಸುತ್ತೇವೆ.

ಎರಡನೆಯದನ್ನು ಒಂಟಿಯಾಗಿ ಬಿಡಿಸಿದ್ದರೆ (x − 5)² = 0 ಎಂದು ಕಾಣುತ್ತಿತ್ತು. ಅದರ ಎರಡೂ ಮೂಲಗಳು 5. ಉತ್ತರ ‘2 ಮಾತ್ರ’. ಲೆಕ್ಕದಲ್ಲಿ ಒಂದು ಅಂಕಿಯೂ ತಪ್ಪಿಲ್ಲ, ಎರಡನೇ ಹೇಳಿಕೆಗೆ ಒಂಟಿಯಾಗಿ ನಿಲ್ಲುವ ಅವಕಾಶವನ್ನೇ ಕೊಡಲಿಲ್ಲ ಅಷ್ಟೆ.

ಒಂದನೆಯದು ಮುಗಿದ ಮೇಲೆ ಅದನ್ನು ಕೈಯಿಂದ ಮುಚ್ಚಿ, ಮೂಲ ಪ್ರಶ್ನೆಯನ್ನು ಮತ್ತೊಮ್ಮೆ ಓದಿ, ಆಮೇಲೆ ಎರಡನೆಯದಕ್ಕೆ ಹೋಗಿ. ಪರದೆಯ ಮೇಲಿನ ಪರೀಕ್ಷೆಯಾದರೆ ರಫ್ ಹಾಳೆಯಲ್ಲಿ ನಡುವೆ ಗೆರೆ ಎಳೆದು ಎಡಕ್ಕೆ ಒಂದನೆಯದನ್ನು, ಬಲಕ್ಕೆ ಎರಡನೆಯದನ್ನು ಮಾಡಿ. ಬಲಭಾಗದಲ್ಲಿ ಎಡಭಾಗದ ಅಂಕಿ ಬಂದರೆ ಅದು ಎಲ್ಲಿಂದ ಬಂತೆಂದು ನೋಡಿಕೊಳ್ಳಬೇಕು.

ಬ್ಯಾಂಕ್ ಪರೀಕ್ಷೆಯ ರೀಸನಿಂಗ್ ವಿಭಾಗದಲ್ಲೂ ಇದೇ ಥರವೇ?

ಅಲ್ಲಿ ಸಮೀಕರಣ ಇರುವುದಿಲ್ಲ, ಆದರೆ ಜಾರುವ ಜಾಗ ಅದೇ.

ಪಿ, ಕ್ಯೂ, ಆರ್, ಎಸ್, ಟಿ ಎಂಬ ಐದು ಜನ, ಒಬ್ಬೊಬ್ಬರ ಎತ್ತರ ಬೇರೆ. ಎಲ್ಲರಿಗಿಂತ ಎತ್ತರದವರು ಯಾರು?
ಹೇಳಿಕೆ 1: ಎಸ್‌ಗಿಂತ ಗಿಡ್ಡ ಇರುವವರು ಮೂವರೇ. ಟಿ, ಎಸ್‌ಗಿಂತ ಎತ್ತರ.
ಹೇಳಿಕೆ 2: ಟಿ, ಪಿಗಿಂತ ಎತ್ತರ. ಆರ್, ಪಿಗಿಂತ ಗಿಡ್ಡ.

ಐವರಲ್ಲಿ ಎಸ್‌ಗಿಂತ ಗಿಡ್ಡದವರು ಮೂವರೇ ಎಂದರೆ ಎಸ್‌ಗಿಂತ ಎತ್ತರದವರು ಒಬ್ಬರೇ. ಅವರು ಟಿ. ಉತ್ತರ ಸಿಕ್ಕಿತು. ಆದರೆ ರೀಸನಿಂಗ್ ಮಾಡುವವರ ಕೈಗೆ ಪಟ್ಟಿ ಪೂರ್ತಿ ತುಂಬಿಸುವ ಅಭ್ಯಾಸವಿರುತ್ತದೆ. ಟಿ, ಎಸ್ ಬರೆದು ಕೆಳಗಿನ ಮೂರು ಜಾಗ ಖಾಲಿ ಕಂಡರೆ ಕೆಲಸ ಮುಗಿದಿಲ್ಲ ಅನಿಸುತ್ತದೆ. ಎರಡನೇ ಹೇಳಿಕೆಯಿಂದ ಪಿ ಮೇಲೆ, ಆರ್ ಕೆಳಗೆ ಎಂದು ಸೇರಿಸುತ್ತಾರೆ, ಕ್ಯೂ ಎಲ್ಲಿ ಎಂದು ಆಗಲೂ ತಿಳಿಯುವುದಿಲ್ಲ. ಕೊನೆಗೆ ಎರಡನ್ನೂ ಬಳಸಿಯಾಗಿದೆ ಎಂದು ‘ಎರಡೂ ಸೇರಿ’ ಗುರುತಿಸುತ್ತಾರೆ. ಕೇಳಿದ್ದು ಮೊದಲ ಜಾಗ ಮಾತ್ರ.

ಸೀಟಿಂಗ್, ರಕ್ತಸಂಬಂಧ, ದಿಕ್ಕು ಇವುಗಳಲ್ಲೂ ಹೀಗೆಯೇ. ಎರಡನೇ ಹೇಳಿಕೆ ಚಿತ್ರಕ್ಕೆ ಏನಾದರೂ ಸೇರಿಸುತ್ತದೆಯೇ ಎಂದು ನೋಡಬೇಡಿ, ಅದು ಸೇರಿಸಿಯೇ ಸೇರಿಸುತ್ತದೆ. ಕೇಳಿದ ಉತ್ತರ ಅದಿಲ್ಲದೆ ಬದಲಾಗಬಹುದೇ ಎಂಬುದಷ್ಟೇ ಮುಖ್ಯ.

ಮೂರು ಹೇಳಿಕೆ ಇರುವ ಪ್ರಶ್ನೆಗಳೂ ಬರುತ್ತವೆ. ಅಲ್ಲಿ ‘ಮೂರೂ ಬೇಕು’ ಎನ್ನುವ ಮೊದಲು ಒಂದೊಂದನ್ನೇ ಕೈಬಿಟ್ಟು ಉಳಿದ ಎರಡರಲ್ಲಿ ಉತ್ತರ ನಿಲ್ಲುತ್ತದೆಯೇ ನೋಡಿ.

ಸರಿಯಾಗಿ ಕಂಡುಹಿಡಿದೂ ಬೇರೆ ಆಯ್ಕೆ ಒತ್ತಿಬಿಡುತ್ತೇನೆ. ಇದಕ್ಕೇನು ಮಾಡಲಿ?

ಒಂದಕ್ಕಿಂತ ಹೆಚ್ಚು ಪರೀಕ್ಷೆಗೆ ಓದುವವರಿಗೆ ಇದು ಆಗುತ್ತದೆ. ಜಿಮ್ಯಾಟ್‌ನಲ್ಲಿ ಕ್ರಮ ಬದಲಾಗುವುದಿಲ್ಲ: 1 ಮಾತ್ರ, 2 ಮಾತ್ರ, ಎರಡೂ ಸೇರಿ, ಯಾವುದಾದರೂ ಒಂದು, ಎರಡೂ ಸೇರಿದರೂ ಸಾಲದು. ಅಲ್ಲಿ ‘ಎರಡೂ ಸೇರಿ’ ಮೂರನೆಯದು. ನಮ್ಮ ಬ್ಯಾಂಕ್ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಮೂರನೆಯದು ‘ಯಾವುದಾದರೂ ಒಂದು’, ನಾಲ್ಕನೆಯದು ‘ಸಾಲದು’, ಐದನೆಯದು ‘ಎರಡೂ ಸೇರಿ’. ಜಿಮ್ಯಾಟ್ ಪುಸ್ತಕದಲ್ಲಿ ಅಭ್ಯಾಸ ಮಾಡಿ ಬ್ಯಾಂಕ್ ಪರೀಕ್ಷೆಗೆ ಕೂತವರು, ಅಥವಾ ಅದರ ತಿರುಗುಮುರುಗು, ಉತ್ತರ ಗೊತ್ತಿದ್ದೂ ತಪ್ಪು ಒತ್ತುತ್ತಾರೆ. ಬ್ಯಾಂಕ್ ಪರೀಕ್ಷೆಯಲ್ಲಿ ಆ ವಿಭಾಗದ ಮೊದಲ ಪ್ರಶ್ನೆಗೆ ಮುಂಚೆ ಸೂಚನೆ ಓದಿ, ಐದು ಆಯ್ಕೆಗಳನ್ನು ಎರಡೆರಡು ಪದದಲ್ಲಿ ರಫ್ ಹಾಳೆಯ ಮೂಲೆಯಲ್ಲಿ ಬರೆದುಕೊಳ್ಳಿ.

ಜಿಮ್ಯಾಟ್ ಬರೆಯುವವರಿಗೆ ಇನ್ನೊಂದು ಮಾತು. 2023ರ ನವೆಂಬರ್‌ನಲ್ಲಿ ಬಂದ ಹೊಸ ಮಾದರಿಯಲ್ಲಿ ಡೇಟಾ ಸಫಿಶಿಯೆನ್ಸಿ ಗಣಿತ ವಿಭಾಗದಲ್ಲಿಲ್ಲ, ಡೇಟಾ ಇನ್‌ಸೈಟ್ಸ್ ವಿಭಾಗದಲ್ಲಿದೆ. 45 ನಿಮಿಷಕ್ಕೆ 20 ಪ್ರಶ್ನೆ, ಪರದೆಯ ಮೇಲೆ ಕ್ಯಾಲ್ಕುಲೇಟರ್ ಕೂಡ ಸಿಗುತ್ತದೆ. ಈ ತಪ್ಪಿನ ಮಟ್ಟಿಗೆ ಕ್ಯಾಲ್ಕುಲೇಟರ್ ಸಹಾಯಕ್ಕಿಂತ ಅಡ್ಡಿಯೇ ಹೆಚ್ಚು ಎಂದು ನನ್ನ ಅಭಿಪ್ರಾಯ. ಅಂಕಿ ಒತ್ತಲು ಶುರುಮಾಡಿದರೆ ಎರಡೂ ಹೇಳಿಕೆಯ ಅಂಕಿಗಳನ್ನು ಒತ್ತಿ ಉತ್ತರ ತೆಗೆಯುವ ಮನಸ್ಸಾಗುತ್ತದೆ.

ಪ್ರಶ್ನೆ ಮಾಡುವವರ ಕಡೆಯಿಂದ ಏನಾದರೂ ಸುಳಿವು ಸಿಗುತ್ತದೆಯೇ?

ಒಂದು ಸುಳಿವು ನಂಬಬಹುದು. ಎರಡು ಹೇಳಿಕೆ ಸೇರಿಸಿದರೆ ಉತ್ತರ ಓದಿದ ಕೂಡಲೇ, ಹತ್ತು ಸೆಕೆಂಡಿನಲ್ಲಿ ಕಣ್ಣಿಗೆ ಬಿದ್ದರೆ, ಮತ್ತು ಪ್ರಶ್ನೆ ಸುಲಭದ ಮಟ್ಟದ್ದಲ್ಲ ಎಂದು ನಿಮಗೆ ಗೊತ್ತಿದ್ದರೆ, ಒಂಟಿ ಹೇಳಿಕೆಗಳನ್ನು ಇನ್ನೊಮ್ಮೆ ನೋಡಿ. ಇದು ಅನುಮಾನಕ್ಕೆ ಕಾರಣ ಅಷ್ಟೆ, ಉತ್ತರವಲ್ಲ.

ಉದಾಹರಣೆಗೆ, ಎರಡಂಕಿಯ ಸಂಖ್ಯೆ ಯಾವುದು ಎಂದು ಕೇಳಿ, ಅಂಕಿಗಳ ಮೊತ್ತ 17 ಎಂದು ಒಂದು ಹೇಳಿಕೆ, ಸಂಖ್ಯೆ ಬೆಸ ಎಂದು ಇನ್ನೊಂದು ಇದ್ದರೆ 89, 98 ಎರಡೂ ಸಾಧ್ಯ, ಬೆಸ ಎಂಬುದು ಬೇಕು, ‘ಎರಡೂ ಸೇರಿ’ ಸರಿ. ಮೊತ್ತ 18 ಎಂದಿದ್ದರೆ 99 ಒಂದೇ. ಮೊತ್ತ 1 ಎಂದಿದ್ದರೆ 10 ಒಂದೇ. ಒಂದು ಅಂಕಿಯ ವ್ಯತ್ಯಾಸಕ್ಕೆ ಉತ್ತರ ಬದಲಾಗುತ್ತದೆ. ಹೇಳಿಕೆಯಲ್ಲಿರುವ ಸಂಖ್ಯೆ ಸಾಧ್ಯವಿರುವ ಅತಿ ದೊಡ್ಡದೋ ಅತಿ ಚಿಕ್ಕದೋ ಆಗಿದ್ದರೆ ಆಯ್ಕೆಗಳು ಕುಗ್ಗಿ ಒಂದೇ ಉಳಿಯುವ ಸಂಭವ ಹೆಚ್ಚು.

ಇನ್ನೊಂದು, ಜಿಮ್ಯಾಟ್‌ನಲ್ಲಿ ಎರಡು ಹೇಳಿಕೆಗಳು ಒಂದಕ್ಕೊಂದು ವಿರುದ್ಧವಾಗುವುದಿಲ್ಲ. ಒಂದನೆಯದು ಒಂಟಿಯಾಗಿ 5 ಕೊಟ್ಟಿದ್ದರೆ ಎರಡನೆಯದಕ್ಕೂ 5 ಒಪ್ಪಲೇಬೇಕು. ಒಪ್ಪದಿದ್ದರೆ ಎಲ್ಲೋ ಲೆಕ್ಕ ತಪ್ಪಿದೆ.

ಸಮಯ ಮುಗಿಯುತ್ತಿದೆ, ಒಂದೇ ಹೇಳಿಕೆ ನೋಡಿ ಆಗಿದೆ. ಊಹಿಸಲೇಬೇಕಾದರೆ ಏನು ಗುರುತಿಸಲಿ?

ನೋಡಿದ ಒಂದು ಹೇಳಿಕೆಯೇ ಅರ್ಧ ಕೆಲಸ ಮಾಡಿಕೊಟ್ಟಿರುತ್ತದೆ. ಒಂದನೆಯದು ಸಾಕು ಎಂದು ಗೊತ್ತಾಗಿದ್ದರೆ ‘ಎರಡೂ ಸೇರಿ’ ಅಲ್ಲಿಗೇ ಹೋಯಿತು. ಉಳಿಯುವುದು ‘1 ಮಾತ್ರ’ ಮತ್ತು ‘ಯಾವುದಾದರೂ ಒಂದು’ ಎರಡೇ. ಒಂದನೆಯದು ಸಾಲದು ಎಂದು ಗೊತ್ತಾಗಿದ್ದರೆ ‘2 ಮಾತ್ರ’, ‘ಎರಡೂ ಸೇರಿ’, ‘ಎರಡೂ ಸೇರಿದರೂ ಸಾಲದು’ ಈ ಮೂರು ಉಳಿಯುತ್ತವೆ. ಯಾವುದನ್ನು ಮೊದಲು ನೋಡಬೇಕೆಂದು ನಿಯಮವಿಲ್ಲ, ಎರಡನೆಯದು ಸುಲಭ ಕಂಡರೆ ಅದರಿಂದಲೇ ಶುರುಮಾಡಿ. ಸುಲಭದ್ದು ಬೇಗ ತೀರ್ಮಾನವಾದಷ್ಟೂ ಆಯ್ಕೆಗಳು ಬೇಗ ಕಡಿಮೆಯಾಗುತ್ತವೆ.

ಊಹಿಸಬೇಕೋ ಬೇಡವೋ ಎನ್ನುವುದು ಪರೀಕ್ಷೆಯ ಮೇಲೆ ನಿಂತಿದೆ. ಬ್ಯಾಂಕ್ ಪರೀಕ್ಷೆಗಳಲ್ಲಿ ತಪ್ಪುತ್ತರಕ್ಕೆ ಆ ಪ್ರಶ್ನೆಯ ಅಂಕದ ಕಾಲು ಭಾಗ ಕಳೆಯುತ್ತಾರೆ. ಎರಡೇ ಆಯ್ಕೆ ಉಳಿದಿದ್ದರೆ ಗುರುತಿಸುವುದರಲ್ಲಿ ಲಾಭ ಸ್ಪಷ್ಟ, ಮೂರು ಉಳಿದಿದ್ದರೂ ಲೆಕ್ಕದ ಪ್ರಕಾರ ಲಾಭವೇ. ಸಿಸ್ಯಾಟ್‌ನಲ್ಲಿ ಮೂರನೇ ಒಂದು ಭಾಗ ಕಳೆಯುತ್ತಾರೆ, ಅಲ್ಲೂ ಎರಡು ಉಳಿದಾಗ ಬಿಡಬೇಡಿ. ಜಿಮ್ಯಾಟ್‌ನಲ್ಲಿ ತಪ್ಪಿಗೆ ಹೀಗೆ ಅಂಕ ಕಳೆಯುವ ಪದ್ಧತಿ ಇಲ್ಲ, ಆದರೆ ವಿಭಾಗ ಮುಗಿಸದೆ ಬಿಟ್ಟರೆ ಸ್ಕೋರ್ ಇಳಿಯುತ್ತದೆ. ಹಾಗಾಗಿ ಅಲ್ಲಿ ಏನನ್ನಾದರೂ ಗುರುತಿಸಿ ಮುಂದೆ ಹೋಗಿ.